ಜ್ವರವಿದೆ, ನ್ಯೂಟ್ರೊಫಿಲ್ ಇಲ್ಲ: ವರದಿಯಿಂದ ಕಾರಣದವರೆಗೆ ದೋಷ ಪತ್ತೆಯ ಕ್ರಮ

ನ್ಯೂಟ್ರೊಫಿಲ್ ಎಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಅದರ ಕೊರತೆಯನ್ನು ಎರಡು ಪ್ರಶ್ನೆಗಳಾಗಿ ಬಿಡಿಸಿಕೊಳ್ಳಬೇಕಾಗುತ್ತದೆ. ಈ ಕಣಗಳು ಏಕೆ ಕಡಿಮೆಯಾದವು ಎಂಬುದು ಒಂದು. ಅವು ಕಡಿಮೆಯಾಗಿರುವ ಈ ಹೊತ್ತಿನಲ್ಲಿ ಸೋಂಕು ದೇಹವನ್ನು ಹೊಕ್ಕಿದೆಯೇ ಎಂಬುದು ಇನ್ನೊಂದು. ದೋಷ ಪತ್ತೆಯ ಮಾಮೂಲಿ ಕ್ರಮದಲ್ಲಿ ಕಾರಣ ಮೊದಲು ಬರುತ್ತದೆ, ಪರಿಹಾರ ಆಮೇಲೆ. ಇಲ್ಲಿ ರೋಗಿಗೆ ಜ್ವರವಿದ್ದರೆ ಆ ಕ್ರಮ ತಲೆಕೆಳಗಾಗುತ್ತದೆ: ಚಿಕಿತ್ಸೆ ಮೊದಲು, ಕಾರಣದ ಹುಡುಕಾಟ ನಂತರ. ಹೀಗೇಕೆ ಎಂಬುದನ್ನೂ, ಎರಡನೆಯ ಕೆಲಸವನ್ನು ಎಲ್ಲಿಂದ ಶುರು ಮಾಡಬೇಕೆಂಬುದನ್ನೂ ಈ ಬರಹ ಒಂದು ಮಾದರಿ ಪ್ರಕರಣದ ಮೂಲಕ ವಿವರಿಸುತ್ತದೆ. ಇದು ವೈದ್ಯಕೀಯ ವಿದ್ಯಾರ್ಥಿಗಳಿಗೂ, ಇಂಥ ವರದಿಯನ್ನು ಕೈಯಲ್ಲಿ ಹಿಡಿದಿರುವ ರೋಗಿಗಳ ಮನೆಯವರಿಗೂ ಅರ್ಥವಾಗಲಿ ಎಂಬ ಉದ್ದೇಶದಿಂದ ಬರೆದದ್ದು. ಔಷಧಿಗಳ ಪ್ರಮಾಣವನ್ನು ಹೇಳಿರುವ ಕಡೆಯಲ್ಲೆಲ್ಲ ಅದು ಆಸ್ಪತ್ರೆಯೊಳಗೆ ನಡೆಯುವ ಕೆಲಸವೆಂದೇ ತಿಳಿಯಬೇಕು.

ವರದಿಯನ್ನು ಓದುವುದು

ರಕ್ತದ ಪೂರ್ಣ ಎಣಿಕೆಯ ವರದಿಯಲ್ಲಿ ಎದ್ದು ಕಾಣುವುದು ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆ. ಅದರ ಕೆಳಗೆ ನ್ಯೂಟ್ರೊಫಿಲ್, ಲಿಂಫೊಸೈಟ್, ಮಾನೊಸೈಟ್ ಮುಂತಾದವುಗಳ ಶೇಕಡಾವಾರು ಪಾಲು ಇರುತ್ತದೆ. ನಮಗೆ ಬೇಕಾದದ್ದು ಈ ಎರಡರಲ್ಲಿ ಯಾವುದೂ ಅಲ್ಲ, ಅವುಗಳ ಗುಣಲಬ್ಧ. ನ್ಯೂಟ್ರೊಫಿಲ್‌ಗಳ ನಿಜವಾದ ಸಂಖ್ಯೆಯನ್ನು, ಅಂದರೆ ಆಸ್ಪತ್ರೆಗಳಲ್ಲಿ ಎಎನ್‌ಸಿ ಎಂದು ಕರೆಯುವುದನ್ನು, ಹೀಗೆ ಲೆಕ್ಕ ಹಾಕುತ್ತಾರೆ:

ಎಎನ್‌ಸಿ = ಒಟ್ಟು ಬಿಳಿ ರಕ್ತಕಣ × (ನ್ಯೂಟ್ರೊಫಿಲ್ ಶೇಕಡಾ + ಬ್ಯಾಂಡ್ ಶೇಕಡಾ) ÷ 100

ಬ್ಯಾಂಡ್ ಎಂದರೆ ಪೂರ್ತಿ ಬಲಿಯದ, ಆದರೂ ಕೆಲಸ ಮಾಡಬಲ್ಲ ನ್ಯೂಟ್ರೊಫಿಲ್. ಅದನ್ನು ಪ್ರತ್ಯೇಕವಾಗಿ ತೋರಿಸಿರದಿದ್ದರೆ ನ್ಯೂಟ್ರೊಫಿಲ್ ಪಾಲೊಂದನ್ನೇ ಹಿಡಿದರೆ ಸಾಕು. ವಯಸ್ಕರಲ್ಲಿ ಒಂದು ಮೈಕ್ರೊಲೀಟರ್ ರಕ್ತದಲ್ಲಿ 1,500ಕ್ಕಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತಾರೆ. 1,000ದವರೆಗೆ ಅದು ಸೌಮ್ಯ, 1,000ದಿಂದ 500ರವರೆಗೆ ಮಧ್ಯಮ, 500ಕ್ಕಿಂತ ಕೆಳಗೆ ತೀವ್ರ. 100ಕ್ಕಿಂತ ಕೆಳಗಿಳಿದರೆ ರಕ್ಷಣೆ ಬಹುತೇಕ ಇಲ್ಲವೆಂದೇ ಲೆಕ್ಕ. ಕೆಲವು ಪ್ರಯೋಗಾಲಯಗಳು ಇದೇ ಸಂಖ್ಯೆಯನ್ನು 0.5 × 10⁹/L ಎಂಬ ರೂಪದಲ್ಲಿ ಕೊಡುತ್ತವೆ. ಅದು 500ಕ್ಕೆ ಸಮ.

ಯಂತ್ರದ ಎಣಿಕೆ ತಪ್ಪುವುದೂ ಉಂಟು. ರಕ್ತದ ಮಾದರಿ ಬಹಳ ಹೊತ್ತು ಹಾಗೆಯೇ ಕುಳಿತಿದ್ದರೆ, ಅಥವಾ ನಳಿಕೆಯಲ್ಲಿರುವ ಇಡಿಟಿಎ ಎಂಬ ರಾಸಾಯನಿಕದಿಂದ ಬಿಳಿ ಕಣಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಸಂಖ್ಯೆ ಇಲ್ಲದ ಕೊರತೆಯನ್ನು ತೋರಿಸಬಹುದು. ಗಾಜಿನ ಮೇಲೆ ರಕ್ತದ ಲೇಪ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ಗೊತ್ತಾಗುತ್ತದೆ. ಜ್ವರವಿಲ್ಲದ, ಗಟ್ಟಿಮುಟ್ಟಾಗಿರುವ ವ್ಯಕ್ತಿಯಲ್ಲಿ ಅನಿರೀಕ್ಷಿತವಾಗಿ ಕಡಿಮೆ ಸಂಖ್ಯೆ ಬಂದಾಗ ಮೊದಲು ಮಾಡಬೇಕಾದದ್ದು ಇದೇ ಮರುಪರಿಶೀಲನೆ. ಜ್ವರವಿರುವವರಲ್ಲಿ ಮಾತ್ರ ಈ ಅನುಮಾನವನ್ನು ನೆಪ ಮಾಡಿಕೊಂಡು ಕಾಯುವಂತಿಲ್ಲ. ಲೇಪವನ್ನು ನೋಡುವ ಕೆಲಸ ಒಂದು ಕಡೆ ನಡೆಯುತ್ತಿರಲಿ, ಚಿಕಿತ್ಸೆ ಇನ್ನೊಂದು ಕಡೆ ಶುರುವಾಗಿರಲಿ.

ಕವಲು: ಜ್ವರ ಇದೆಯೇ, ಇಲ್ಲವೇ

ಇಲ್ಲಿ ಜ್ವರ ಎಂಬುದಕ್ಕೆ ಅಳತೆಯಿದೆ. ಬಾಯಿಯಲ್ಲಿ ಇಟ್ಟ ಥರ್ಮಾಮೀಟರ್ ಒಂದೇ ಸಲ 38.3 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 101 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಅದು ಜ್ವರ. 38.0 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್, ಒಂದು ಗಂಟೆಯ ಕಾಲ ಹಾಗೆಯೇ ಉಳಿದರೂ ಅದು ಜ್ವರವೇ. ಇದರ ಜೊತೆಗೆ ಎಎನ್‌ಸಿ 500ಕ್ಕಿಂತ ಕಡಿಮೆಯಿದ್ದರೆ, ಅಥವಾ ಮುಂದಿನ 48 ಗಂಟೆಗಳಲ್ಲಿ ಅಲ್ಲಿಗೆ ಇಳಿಯುವ ನಿರೀಕ್ಷೆಯಿದ್ದರೆ, ಅದನ್ನು ತುರ್ತು ಸ್ಥಿತಿಯೆಂದು ಪರಿಗಣಿಸುತ್ತಾರೆ. ಈ ಎರಡನೆಯ ಷರತ್ತನ್ನು ಜನ ಮರೆಯುತ್ತಾರೆ. ಕೀಮೋಥೆರಪಿ ಪಡೆದ ಎಂಟನೆಯ ದಿನ 900 ಇರುವ ಸಂಖ್ಯೆ ಏರುವ ದಾರಿಯಲ್ಲಿಲ್ಲ, ಇಳಿಯುವ ದಾರಿಯಲ್ಲಿದೆ. ಆ 900 ಸಮಾಧಾನ ಕೊಡುವ ಸಂಖ್ಯೆಯಲ್ಲ.

ಜ್ವರವಿಲ್ಲ ಎಂಬ ಉತ್ತರವನ್ನೂ ಎರಡು ಸಲ ಕೇಳಿಕೊಳ್ಳಬೇಕು. ರೋಗಿ ಆಗಷ್ಟೇ ಪ್ಯಾರಾಸಿಟಮಾಲ್ ನುಂಗಿ ಬಂದಿರಬಹುದು. ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಮತ್ತು ವಯಸ್ಸಾದವರಲ್ಲಿ ಸೋಂಕು ಉಲ್ಬಣಿಸಿದ್ದರೂ ಮೈ ಬಿಸಿಯಾಗದೆ ಇರಬಹುದು. ತೀವ್ರ ಕೊರತೆಯಿರುವ ವ್ಯಕ್ತಿಗೆ ಮೈ ನಡುಗುವ ಚಳಿ, ಕುಸಿದ ರಕ್ತದೊತ್ತಡ, ಹೊಸದಾಗಿ ಕಾಣಿಸಿಕೊಂಡ ಹೊಟ್ಟೆನೋವು, ಇಲ್ಲವೇ ಮನಸ್ಸಿನ ಗೊಂದಲ ಇದ್ದರೆ ಥರ್ಮಾಮೀಟರ್ ಏನೇ ಹೇಳಲಿ, ಜ್ವರವಿದೆಯೆಂದೇ ಹಿಡಿದು ಮುಂದುವರಿಯಬೇಕು. ಉಷ್ಣತೆಯನ್ನು ಗುದದ್ವಾರದಲ್ಲಿ ಅಳೆಯಬಾರದು. ಅಲ್ಲಿನ ತೆಳುವಾದ ಒಳಪದರ ಸ್ವಲ್ಪ ತರಚಿದರೂ ಕರುಳಿನ ಬ್ಯಾಕ್ಟೀರಿಯಾಕ್ಕೆ ರಕ್ತದೊಳಗೆ ಹೋಗಲು ದಾರಿ ತೆರೆದುಕೊಳ್ಳುತ್ತದೆ. ಎನಿಮಾ ಮತ್ತು ಗುದದೊಳಗೆ ಬೆರಳಿಟ್ಟು ಮಾಡುವ ಪರೀಕ್ಷೆಯೂ ಇದೇ ಕಾರಣಕ್ಕೆ ನಿಷಿದ್ಧ.

ಗಂಟೆಗಳ ಲೆಕ್ಕ ಏಕೆ

ನ್ಯೂಟ್ರೊಫಿಲ್‌ಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ ಬಲಿಯಲು ಒಂದೂವರೆ ವಾರದಿಂದ ಎರಡು ವಾರ ಹಿಡಿಯುತ್ತದೆ, ಆದರೆ ರಕ್ತಕ್ಕೆ ಬಂದ ಮೇಲೆ ಅವು ಅಲ್ಲಿರುವುದು ಕೆಲವೇ ಗಂಟೆ. ಆರೋಗ್ಯವಂತ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೊಫಿಲ್‌ಗಳನ್ನು ತಯಾರಿಸಿ ಈ ಖರ್ಚನ್ನು ತುಂಬುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಪ್ಲೇಟ್‌ಲೆಟ್ ಒಂದು ವಾರದಿಂದ ಹತ್ತು ದಿನ. ಆದ್ದರಿಂದ ಮಜ್ಜೆಯ ಕೆಲಸ ಯಾವ ಕಾರಣದಿಂದ ನಿಂತರೂ ಮೊದಲು ಬರಿದಾಗುವುದು ನ್ಯೂಟ್ರೊಫಿಲ್‌ಗಳ ದಾಸ್ತಾನು. ನಿಂತ ಕೆಲಸವನ್ನು ಮತ್ತೆ ಚಾಲೂ ಮಾಡಿದರೂ ಹೊಸ ಕಣಗಳು ರಕ್ತಕ್ಕೆ ಬರಲು ದಿನಗಳೇ ಬೇಕು. ಈ ನಡುವಿನ ಅವಧಿಯನ್ನು ರೋಗಿ ದಾಟುವುದು ಔಷಧಿಯ ಬಲದಿಂದ ಮಾತ್ರ.

ಆ ಅವಧಿಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಹೊರಗಿನಿಂದಲ್ಲ. ಕರುಳಿನಲ್ಲಿ, ಬಾಯಿಯಲ್ಲಿ, ಚರ್ಮದ ಮೇಲೆ ಮೊದಲೇ ವಾಸವಾಗಿರುವ ಬ್ಯಾಕ್ಟೀರಿಯಾಗಳೇ ಸೋಂಕನ್ನು ಹುಟ್ಟಿಸುತ್ತವೆ. ಕೀಮೋಥೆರಪಿ ಮಜ್ಜೆಯ ಜೊತೆಗೆ ಕರುಳಿನ ಒಳಪದರವನ್ನೂ ಸವೆಸುವುದರಿಂದ ಗೋಡೆ ಬಿರುಕು ಬಿಡುವುದೂ ಕಾವಲು ಇಲ್ಲವಾಗುವುದೂ ಒಂದೇ ವಾರದಲ್ಲಿ ನಡೆಯುತ್ತವೆ. ಎಷರಿಷಿಯಾ ಕೊಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಮುಂತಾದ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಬಂದರೆ ಅವುಗಳ ಹೊರಕವಚದಲ್ಲಿರುವ ವಿಷಾಂಶ ರಕ್ತನಾಳಗಳನ್ನು ಸಡಿಲಗೊಳಿಸಿ ರಕ್ತದೊತ್ತಡವನ್ನು ಬೀಳಿಸುತ್ತದೆ. ಬೆಳಿಗ್ಗೆ ಮಾತಾಡುತ್ತ ಕುಳಿತಿದ್ದ ರೋಗಿ ಸಂಜೆಯ ಹೊತ್ತಿಗೆ ಆಘಾತದ ಸ್ಥಿತಿಯಲ್ಲಿರುವುದು ಹೀಗೆ.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇನ್ನೊಂದು ಸಂಗತಿಯಲ್ಲಿದೆ. ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೊಫಿಲ್‌ಗಳ ರಾಶಿ. ಕೆಂಪಾಗುವುದು, ಊದಿಕೊಳ್ಳುವುದು, ಎಕ್ಸ್-ರೇಯಲ್ಲಿ ಶ್ವಾಸಕೋಶ ಬೆಳ್ಳಗೆ ಕಾಣುವುದು, ಮೂತ್ರದಲ್ಲಿ ಕೀವುಕಣ ಸಿಗುವುದು, ಇವೆಲ್ಲವೂ ಬಹುಮಟ್ಟಿಗೆ ನ್ಯೂಟ್ರೊಫಿಲ್‌ಗಳು ಬಂದು ಸೇರಿದ್ದರ ಗುರುತುಗಳು. ಅವೇ ಇಲ್ಲದಿದ್ದಾಗ ಸೋಂಕು ಇದ್ದರೂ ಅದರ ಗುರುತು ಮೂಡುವುದಿಲ್ಲ. ಗಂಟಲಲ್ಲಿ ಬಿಳಿ ಪೊರೆ ಕಾಣದೆ ಬರೀ ನೋವಿರಬಹುದು. ನ್ಯುಮೋನಿಯಾ ಇದ್ದೂ ಎದೆಯ ಎಕ್ಸ್-ರೇ ಶುಭ್ರವಾಗಿರಬಹುದು. ಗುದದ ಬಳಿ ಕೀವುಗುಳ್ಳೆಯಾಗಬೇಕಿದ್ದ ಜಾಗದಲ್ಲಿ ಮುಟ್ಟಿದರೆ ನೋವೆಂಬ ದೂರು ಮಾತ್ರ ಇರಬಹುದು. ಸಾಮಾನ್ಯ ರೋಗಿಯಲ್ಲಿ ವೈದ್ಯರು ನೆಚ್ಚಿಕೊಳ್ಳುವ ಸೂಚಕಗಳು ಇಲ್ಲಿ ಒಟ್ಟಿಗೇ ಆರಿಹೋಗಿರುತ್ತವೆ. ಉಳಿಯುವುದು ಜ್ವರ ಒಂದೇ, ಏಕೆಂದರೆ ಅದನ್ನು ಹುಟ್ಟಿಸುವ ರಾಸಾಯನಿಕಗಳನ್ನು ನ್ಯೂಟ್ರೊಫಿಲ್ ಅಲ್ಲದ ಬೇರೆ ಜೀವಕೋಶಗಳೂ ಸ್ರವಿಸುತ್ತವೆ. "ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ" ಎಂಬ ಮಾತಿಗೆ ಈ ರೋಗಿಯಲ್ಲಿ ಬೆಲೆಯಿಲ್ಲ.

ಸಂಖ್ಯೆ ಇಳಿದಷ್ಟೂ, ಇಳಿದ ಸ್ಥಿತಿ ದೀರ್ಘವಾದಷ್ಟೂ ಸೋಂಕಿನ ಅಪಾಯ ಏರುತ್ತದೆಂಬುದನ್ನು ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ಲ್ಯುಕೇಮಿಯಾ ರೋಗಿಗಳ ಅಧ್ಯಯನದಿಂದ 1966ರಲ್ಲಿ ತೋರಿಸಿದರು. ಆಗಿನ ರೂಢಿ ಎಂದರೆ ರಕ್ತದ ಕಲ್ಚರ್‌ನಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆಂದು ನೋಡಿಕೊಂಡು ಔಷಧಿ ಕೊಡುವುದು. ಕಲ್ಚರ್ ಬೆಳೆಯಲು ಒಂದೆರಡು ದಿನ ಬೇಕು. ರಕ್ತಕ್ಕೆ ಸ್ಯೂಡೊಮೊನಾಸ್ ಹೊಕ್ಕಿದ್ದ ಎಷ್ಟೋ ರೋಗಿಗಳು ಅಷ್ಟು ಕಾಲ ಉಳಿಯುತ್ತಿರಲಿಲ್ಲ. 1971ರಲ್ಲಿ ಸ್ಟೀಫನ್ ಶಿಂಫ್ ಮತ್ತು ಸಂಗಡಿಗರು ಜ್ವರ ಬಂದ ಕೂಡಲೇ, ಫಲಿತಾಂಶಕ್ಕೆ ಕಾಯದೆ, ಕಾರ್ಬೆನಿಸಿಲಿನ್ ಮತ್ತು ಜೆಂಟಾಮೈಸಿನ್ ಕೊಟ್ಟ ಅನುಭವವನ್ನು ಪ್ರಕಟಿಸಿದರು. ಔಷಧಿಗಳು ಆಮೇಲೆ ಬದಲಾದವು. ಕಾಯಬಾರದೆಂಬ ನಿಯಮ ಬದಲಾಗಲಿಲ್ಲ. ರೋಗಿ ಆಸ್ಪತ್ರೆಯ ಬಾಗಿಲಿಗೆ ಬಂದು ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ರಕ್ತನಾಳಕ್ಕೆ ಹೋಗಿರಬೇಕೆಂಬುದು ಇಂದಿನ ಗುರಿ.

ಒಂದು ಪ್ರಕರಣ, ಅಂಕಿಗಳ ಸಮೇತ

ಇದು ವಿವರಣೆಗಾಗಿ ಹೆಣೆದ ಪ್ರಕರಣ. 34 ವರ್ಷದ ಮಹಿಳೆಯೊಬ್ಬರಿಗೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯಿದ್ದು, ಏಳು ವಾರಗಳಿಂದ ದಿನಕ್ಕೆ 30 ಮಿಲಿಗ್ರಾಂ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿದ್ದಾರೆ. ಮೂರು ದಿನಗಳಿಂದ ಗಂಟಲು ನೋವು, ಎರಡು ದಿನಗಳಿಂದ ಜ್ವರ. ಮೊದಲು ನೋಡಿದ ವೈದ್ಯರು ಗಂಟಲು ಕೆಂಪಗಿದೆ, ಕೀವಿಲ್ಲ, ವೈರಸ್‌ನಿಂದಾದ ನೋವಿರಬೇಕು ಎಂದು ಪ್ಯಾರಾಸಿಟಮಾಲ್ ಬರೆದುಕೊಟ್ಟಿದ್ದಾರೆ. ಕೀವಿಲ್ಲದ್ದೇ ಆ ತೀರ್ಮಾನಕ್ಕೆ ಆಧಾರವಾಯಿತು ಎಂಬುದನ್ನು ಗಮನಿಸಬೇಕು. ಮೂರನೆಯ ದಿನ ಬಾಯೊಳಗೆ ಹುಣ್ಣುಗಳೂ ಎದ್ದು, ಉಗುಳು ನುಂಗಲಾರದೆ ಅವರು ತುರ್ತು ವಿಭಾಗಕ್ಕೆ ಬರುತ್ತಾರೆ. ಉಷ್ಣತೆ 39.1 ಡಿಗ್ರಿ, ನಾಡಿ ನಿಮಿಷಕ್ಕೆ 128, ರಕ್ತದೊತ್ತಡ 100/60.

ರಕ್ತದ ವರದಿ ಹೀಗಿದೆ: ಹಿಮೊಗ್ಲೋಬಿನ್ 12.6, ಪ್ಲೇಟ್‌ಲೆಟ್ 2,40,000, ಬಿಳಿ ರಕ್ತಕಣ 1,600. ಅದರಲ್ಲಿ ನ್ಯೂಟ್ರೊಫಿಲ್ ಶೇಕಡಾ 3, ಲಿಂಫೊಸೈಟ್ ಶೇಕಡಾ 82, ಮಾನೊಸೈಟ್ ಶೇಕಡಾ 12, ಇಯೊಸಿನೊಫಿಲ್ ಶೇಕಡಾ 3. ಅವಸರದಲ್ಲಿ ಓದುವವರ ಕಣ್ಣು 82 ಎಂಬಲ್ಲಿ ನಿಲ್ಲುತ್ತದೆ. ಲಿಂಫೊಸೈಟ್ ಜಾಸ್ತಿಯಾಗಿದೆ, ವೈರಸ್ ಜ್ವರವೇ ಹೌದು ಎಂದು ಮನಸ್ಸು ಮೊದಲಿನ ತೀರ್ಮಾನಕ್ಕೇ ವಾಲುತ್ತದೆ. ಗುಣಿಸಿ ನೋಡಿದರೆ ಚಿತ್ರ ಬೇರೆ. 1,600ರ ಶೇಕಡಾ 82 ಎಂದರೆ 1,312. ವಯಸ್ಕರಲ್ಲಿ ಅದು ಸಹಜ ಮಿತಿಯೊಳಗಿನ ಸಂಖ್ಯೆ. ಲಿಂಫೊಸೈಟ್‌ಗಳು ಹೆಚ್ಚಿಲ್ಲ, ಉಳಿದವು ಇಲ್ಲವಾದ್ದರಿಂದ ಅವುಗಳ ಪಾಲು ಹಿಗ್ಗಿ ಕಾಣುತ್ತಿದೆ, ಅಷ್ಟೆ. ನ್ಯೂಟ್ರೊಫಿಲ್ 1,600ರ ಶೇಕಡಾ 3, ಅಂದರೆ 48.

ನಾಡಿಯ ವೇಗವೂ ದಾರಿ ತಪ್ಪಿಸಬಲ್ಲದು. ಥೈರಾಯ್ಡ್ ಕಾಯಿಲೆ ಇರುವುದರಿಂದ ನಾಡಿ ಓಡುತ್ತಿದೆ ಎಂದು ಹೇಳಿಬಿಡುವುದು ಸುಲಭ, ಅದು ಅರ್ಧ ನಿಜವೂ ಹೌದು. ಆದರೆ ಥೈರಾಯ್ಡ್ ಹೆಚ್ಚಾದವರಲ್ಲಿ ಮೇಲಿನ ರಕ್ತದೊತ್ತಡ ಸಾಮಾನ್ಯವಾಗಿ ಏರಿರುತ್ತದೆ. ಇಲ್ಲಿ ಅದು 100ಕ್ಕೆ ಇಳಿದಿದೆ. ಓಡುವ ನಾಡಿ ಮತ್ತು ಇಳಿಯುವ ಒತ್ತಡ ಜೊತೆಯಾದರೆ ಸೋಂಕು ರಕ್ತಕ್ಕೆ ಇಳಿದಿದೆಯೆಂಬ ಶಂಕೆ ಬಲವಾಗುತ್ತದೆ.

ಮೊದಲ ಗಂಟೆಯಲ್ಲಿ ನಡೆಯಬೇಕಾದದ್ದು ಇಷ್ಟು. ರಕ್ತನಾಳಕ್ಕೆ ಸೂಜಿ ಹಾಕಿ, ಬೇರೆ ಬೇರೆ ಎರಡು ಜಾಗಗಳಿಂದ ಎರಡು ಜೊತೆ ಬ್ಲಡ್ ಕಲ್ಚರ್ ತೆಗೆಯುತ್ತಾರೆ. ಎದೆಯಲ್ಲಿ ಕ್ಯಾತಿಟರ್ ಅಳವಡಿಸಿರುವ ರೋಗಿಯಾಗಿದ್ದರೆ ಒಂದು ಜೊತೆ ಅದರಿಂದ ಬರಬೇಕು. ಲ್ಯಾಕ್ಟೇಟ್, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಥೈರಾಯ್ಡ್ ಹಾರ್ಮೋನು, ಮೂತ್ರದ ಕಲ್ಚರ್ ಕಳುಹಿಸುತ್ತಾರೆ. ಕಲ್ಚರ್ ತೆಗೆದ ಕೂಡಲೇ ಸ್ಯೂಡೊಮೊನಾಸ್ ಮೇಲೂ ಕೆಲಸ ಮಾಡುವ ಬೀಟಾ-ಲ್ಯಾಕ್ಟಮ್ ಆ್ಯಂಟಿಬಯೋಟಿಕ್ ಶುರುವಾಗುತ್ತದೆ: ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ 4.5 ಗ್ರಾಂ ಆರು ಗಂಟೆಗೊಮ್ಮೆ, ಅಥವಾ ಸೆಫೆಪಿಮ್, ಅಥವಾ ಬಹುಔಷಧ ನಿರೋಧಕ ಬ್ಯಾಕ್ಟೀರಿಯಾದ ಭಯವಿದ್ದರೆ ಮೆರೊಪೆನೆಮ್. ಎಕ್ಸ್-ರೇ ಆಗಲಿ, ಹಾಸಿಗೆ ಸಿಗಲಿ, ವಿಶೇಷಜ್ಞರು ಬರಲಿ ಎಂದು ಮೊದಲ ಡೋಸ್ ಕಾಯಬಾರದು. ಕಲ್ಚರ್ ತೆಗೆಯಲು ರಕ್ತನಾಳ ಸಿಗುತ್ತಿಲ್ಲವೆಂದು ಅರ್ಧ ಗಂಟೆ ಕಳೆಯುವುದೂ ತಪ್ಪೇ. ವ್ಯಾಂಕೊಮೈಸಿನನ್ನು ಎಲ್ಲರಿಗೂ ಸೇರಿಸುವ ಅಭ್ಯಾಸ ಕೆಲವೆಡೆ ಇದೆ. ಅದು ಕ್ಯಾತಿಟರ್ ಸೋಂಕು, ಚರ್ಮದ ಸೋಂಕು, ನ್ಯುಮೋನಿಯಾ, ರಕ್ತದೊತ್ತಡದ ಕುಸಿತ ಮೊದಲಾದ ನಿರ್ದಿಷ್ಟ ಕಾರಣಗಳಿದ್ದಾಗ ಮಾತ್ರ ಬೇಕಾಗುವ ಔಷಧಿ.

ಅದೇ ಹೊತ್ತಿಗೆ ಇನ್ನೊಂದು ಕೆಲಸ ಆಗಲೇಬೇಕು: ಕಾರ್ಬಿಮಜೋಲ್ ನಿಲ್ಲಿಸುವುದು. ಥೈರಾಯ್ಡ್ ಹತೋಟಿ ತಪ್ಪೀತೆಂಬ ಭಯದಿಂದ ಅದರ ಬದಲು ಪ್ರೊಪೈಲ್‌ಥಯೊಯುರಾಸಿಲ್ ಕೊಡುವುದು ಅಪಾಯಕಾರಿ, ಏಕೆಂದರೆ ಒಂದಕ್ಕೆ ಹೀಗೆ ಪ್ರತಿಕ್ರಿಯಿಸಿದ ದೇಹ ಇನ್ನೊಂದಕ್ಕೂ ಹಾಗೆಯೇ ಪ್ರತಿಕ್ರಿಯಿಸಬಹುದು. ರಕ್ತದೊತ್ತಡ ಸ್ಥಿರವಾದ ಮೇಲೆ ಪ್ರೊಪ್ರನೊಲಾಲ್‌ನಿಂದ ನಾಡಿಯನ್ನು ಹಿಡಿತಕ್ಕೆ ತರುತ್ತಾರೆ. ಥೈರಾಯ್ಡ್‌ಗೆ ಶಾಶ್ವತ ಪರಿಹಾರವಾಗಿ ರೇಡಿಯೊ ಅಯೊಡಿನ್ ಅಥವಾ ಶಸ್ತ್ರಚಿಕಿತ್ಸೆಯನ್ನು ಸೋಂಕು ಕಳೆದ ಮೇಲೆ ಯೋಚಿಸಲಾಗುತ್ತದೆ.

ಮರುದಿನ ಎರಡೂ ಕಲ್ಚರ್‌ಗಳಲ್ಲಿ ಕ್ಲೆಬ್ಸಿಯೆಲ್ಲಾ ಬೆಳೆಯುತ್ತದೆ. ಕೊಟ್ಟ ಔಷಧಿಗೆ ಅದು ಬಗ್ಗುವ ಬಗೆಯದೆಂದು ಆಮೇಲೆ ತಿಳಿಯುತ್ತದೆ. ಮಜ್ಜೆಯನ್ನು ಪ್ರಚೋದಿಸುವ ಫಿಲ್ಗ್ರಾಸ್ಟಿಮ್ ಇಂಜೆಕ್ಷನ್ನನ್ನು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 5 ಮೈಕ್ರೊಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಇದು ಚೇತರಿಕೆಯನ್ನು ಸ್ವಲ್ಪ ಬೇಗ ತರಬಹುದಾದ ಸಹಾಯ ಮಾತ್ರ, ಆ್ಯಂಟಿಬಯೋಟಿಕ್‌ಗೆ ಬದಲಿಯಲ್ಲ. ನಾಲ್ಕನೆಯ ದಿನ ಜ್ವರ ಇಳಿದರೂ ಎಎನ್‌ಸಿ 60ರಲ್ಲೇ ಇದೆ. ಆರನೆಯ ದಿನ ಮಾನೊಸೈಟ್‌ಗಳ ಸಂಖ್ಯೆ ಏರತೊಡಗುತ್ತದೆ. ಮಜ್ಜೆ ಎಚ್ಚೆತ್ತುಕೊಳ್ಳುವಾಗ ನ್ಯೂಟ್ರೊಫಿಲ್‌ಗಳಿಗಿಂತ ಮುಂಚೆ ಮಾನೊಸೈಟ್‌ಗಳು ಬರುವುದು ವಾಡಿಕೆಯಾದ್ದರಿಂದ ವಾರ್ಡಿನಲ್ಲಿ ಈ ಅಂಕಿಯನ್ನು ಆಸೆಗಣ್ಣಿನಿಂದ ನೋಡುತ್ತಾರೆ. ಎಂಟನೆಯ ದಿನ ಎಎನ್‌ಸಿ 420, ಹತ್ತನೆಯ ದಿನ 2,300. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದರಿಂದ ಆ್ಯಂಟಿಬಯೋಟಿಕನ್ನು ಅದಕ್ಕೆ ತಕ್ಕ ಪೂರ್ಣ ಅವಧಿಯವರೆಗೆ ಮುಂದುವರಿಸುತ್ತಾರೆ. ರೋಗಿಯ ದಾಖಲೆಯ ಮೊದಲ ಪುಟದಲ್ಲಿ ಥೈರಾಯ್ಡ್ ತಗ್ಗಿಸುವ ಈ ಗುಂಪಿನ ಔಷಧಿಗಳನ್ನು ಇನ್ನೆಂದೂ ಕೊಡಬಾರದೆಂದು ಬರೆಯಲಾಗುತ್ತದೆ.

ಕಾರಣದ ಹುಡುಕಾಟ: ಔಷಧಿಯಿಂದ ಶುರು

ಮೇಲಿನ ಪ್ರಕರಣದಲ್ಲಿ ಕಾರಣ ಸಿಕ್ಕಿದ್ದು ಯಾವ ದುಬಾರಿ ಪರೀಕ್ಷೆಯಿಂದಲೂ ಅಲ್ಲ, ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆಯಿಂದ. ಹಿಮೊಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಸರಿಯಿದ್ದು ನ್ಯೂಟ್ರೊಫಿಲ್ ಒಂದೇ ಹಠಾತ್ತಾಗಿ ನೆಲಕಚ್ಚಿದ್ದರೆ ಔಷಧಿಯ ಮೇಲೆ ಅನುಮಾನ ಮೊದಲು ಹೋಗಬೇಕು. ಕಾರ್ಬಿಮಜೋಲ್‌ನ ಈ ದುಷ್ಪರಿಣಾಮ ಹೆಚ್ಚಾಗಿ ಮೊದಲ ಮೂರು ತಿಂಗಳೊಳಗೆ ಕಾಣಿಸುತ್ತದೆ. ಅದು ಎರಡು ರಕ್ತಪರೀಕ್ಷೆಗಳ ನಡುವಿನ ದಿನಗಳಲ್ಲೇ ಬಂದೆರಗುವುದರಿಂದ ತಿಂಗಳಿಗೊಮ್ಮೆ ಎಣಿಕೆ ನೋಡುವುದಕ್ಕಿಂತ, ಗಂಟಲು ನೋವು ಅಥವಾ ಜ್ವರ ಬಂದ ದಿನವೇ ಮಾತ್ರೆ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಿರೆಂದು ಮೊದಲ ಚೀಟಿಯಲ್ಲೇ ಬರೆದುಕೊಡುವುದು ಹೆಚ್ಚು ಉಪಯುಕ್ತ. ತೀವ್ರ ಮನೋರೋಗಕ್ಕೆ ಕೊಡುವ ಕ್ಲೊಜಪೈನ್ ವಿಷಯದಲ್ಲಿ ನಡೆದ ಕತೆ ಬೇರೆ. 1975ರಲ್ಲಿ ಫಿನ್‌ಲೆಂಡಿನಲ್ಲಿ ಅದನ್ನು ತೆಗೆದುಕೊಂಡ ಹಲವರಲ್ಲಿ ನ್ಯೂಟ್ರೊಫಿಲ್ ಬರಿದಾಗಿ ಸಾವುಗಳು ಸಂಭವಿಸಿದ ಮೇಲೆ, ನಿಯಮಿತ ರಕ್ತಪರೀಕ್ಷೆಯ ಷರತ್ತಿನೊಂದಿಗೆ ಮಾತ್ರ ಅದನ್ನು ಬಳಸುವ ಪದ್ಧತಿ ಬಂತು.

ಔಷಧಿಗಳು ಎರಡು ರೀತಿಯಲ್ಲಿ ಕೆಡಿಸುತ್ತವೆ. ಕಾರ್ಬಿಮಜೋಲ್, ಸಲ್ಫಸಲಜೀನ್, ಮೆಟಮಿಜೋಲ್ ಮುಂತಾದವುಗಳಲ್ಲಿ ಯಾರಿಗೆ ಯಾವಾಗ ಎಂದು ಮೊದಲೇ ಹೇಳಲಾಗದಂತೆ ಪ್ರತಿಕ್ರಿಯೆ ಭುಗಿಲೇಳುತ್ತದೆ. ಇನ್ನು ಕೆಲವು ಪ್ರಮಾಣ ಹೆಚ್ಚಾದಂತೆ ಮಜ್ಜೆಯನ್ನು ಅದುಮುತ್ತವೆ. ಕೀಮೋಥೆರಪಿ ಈ ಬಗೆಯ ಸ್ಪಷ್ಟ ಉದಾಹರಣೆ, ಅದರಲ್ಲಿ ಅನೇಕ ಕ್ರಮಗಳಿಗೆ ಸಂಖ್ಯೆ ತಳ ಮುಟ್ಟುವುದು 7ರಿಂದ 14ನೆಯ ದಿನದ ನಡುವೆ. ಈ ಎರಡನೆಯ ಗುಂಪಿನಲ್ಲಿ ಕೈತಪ್ಪಿನಿಂದಾಗುವ ಅನಾಹುತಗಳೂ ಇವೆ. ಕೀಲುವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟನ್ನು ಚೀಟಿಯನ್ನು ತಪ್ಪಾಗಿ ಓದಿ ದಿನವೂ ನುಂಗಿದವರು ಬಾಯಿಹುಣ್ಣು ಮತ್ತು ಜ್ವರದೊಂದಿಗೆ ಬರುತ್ತಾರೆ. ಅವರಲ್ಲಿ ಪ್ಲೇಟ್‌ಲೆಟ್ ಕೂಡ ಕುಸಿದಿರುತ್ತದೆ, ಫೋಲಿನಿಕ್ ಆಮ್ಲ ತಕ್ಷಣ ಬೇಕಾಗುತ್ತದೆ. ಅಜಥಿಯೊಪ್ರಿನ್ ತೆಗೆದುಕೊಳ್ಳುತ್ತಿದ್ದವರಿಗೆ ಗೌಟ್‌ಗೆಂದು ಬೇರೊಬ್ಬರು ಅಲೊಪ್ಯೂರಿನಾಲ್ ಸೇರಿಸಿದರೆ, ಮೊದಲ ಔಷಧಿ ದೇಹದಲ್ಲಿ ಒಡೆಯುವ ಒಂದು ದಾರಿ ಮುಚ್ಚಿಹೋಗಿ ಮಜ್ಜೆ ಸೊರಗುತ್ತದೆ. ಆದ್ದರಿಂದ ಔಷಧಿಯ ಹೆಸರು ಕೇಳಿದರೆ ಸಾಲದು. ಮಾತ್ರೆಯ ಪಟ್ಟಿಯನ್ನೇ ತರಿಸಿ, ಯಾವ ದಿನ ಎಷ್ಟು ನುಂಗಿದ್ದೀರಿ ಎಂದು ಎಣಿಸಬೇಕು.

ಔಷಧಿಯ ಸುಳಿವಿಲ್ಲದಿದ್ದರೆ ಉಳಿದ ಎರಡು ಕಣಗಳ ಸ್ಥಿತಿ ದಾರಿ ತೋರಿಸುತ್ತದೆ. ಮೂರೂ ಬಗೆಯ ಕಣಗಳು ಇಳಿದಿದ್ದರೆ ಮಜ್ಜೆಯ ಒಳಗೇ ತೊಂದರೆಯಿರುವ ಸಂಭವ ಹೆಚ್ಚು: ಲ್ಯುಕೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾ, ಮಯೆಲೊಡಿಸ್‌ಪ್ಲಾಸಿಯಾ, ಅಥವಾ ಬಿ12 ಇಲ್ಲವೇ ಫೋಲೇಟ್ ಕೊರತೆ. ಲೇಪದಲ್ಲಿ ಎಳೆಯ ಬ್ಲಾಸ್ಟ್ ಕಣಗಳು ಕಂಡರೆ ಅದೇ ದಿನ ಮಜ್ಜೆಯ ಪರೀಕ್ಷೆಗೆ ಏರ್ಪಾಡಾಗಬೇಕು. ನ್ಯೂಟ್ರೊಫಿಲ್‌ನ ಕೇಂದ್ರಬೀಜ ಐದಕ್ಕಿಂತ ಹೆಚ್ಚು ಹೋಳುಗಳಾಗಿದ್ದರೆ ಬಿ12 ಅಥವಾ ಫೋಲೇಟ್ ಕಡೆಗೆ ನೋಡಬೇಕು. ಗುಲ್ಮ ಊದಿಕೊಂಡಿದ್ದರೆ ಕಣಗಳು ಅಲ್ಲಿ ಸಿಕ್ಕಿಬಿದ್ದಿರಬಹುದು, ಆದರೆ ಅಂಥ ಕೊರತೆ ಸಾಮಾನ್ಯವಾಗಿ ಸೌಮ್ಯ. ಲೂಪಸ್‌ನಂಥ ಕಾಯಿಲೆಗಳಲ್ಲಿ ದೇಹದ ಪ್ರತಿಕಾಯಗಳೇ ಕಣಗಳನ್ನು ನಾಶ ಮಾಡುತ್ತವೆ.

ವೈರಸ್ ಜ್ವರಗಳನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅವುಗಳಲ್ಲಿ ಜ್ವರವೂ ಇರುತ್ತದೆ, ಕೊರತೆಯೂ ಇರುತ್ತದೆ. ಡೆಂಗಿ, ಇನ್‌ಫ್ಲುಯೆಂಜಾ, ಹೆಪಟೈಟಿಸ್ ಮೊದಲಾದವುಗಳಲ್ಲಿ ಎಣಿಕೆ ಕೆಲವು ದಿನ ಇಳಿದು ತಾನಾಗಿಯೇ ಏರುತ್ತದೆ. ಟೈಫಾಯ್ಡ್‌ನಂಥ ಬ್ಯಾಕ್ಟೀರಿಯಾ ಜ್ವರದಲ್ಲೂ ಇಳಿಯುವುದುಂಟು. ಗಟ್ಟಿಯಾಗಿ ಕುಳಿತು ಮಾತಾಡುತ್ತಿರುವ ಡೆಂಗಿ ರೋಗಿಯಲ್ಲಿ ಎಎನ್‌ಸಿ 900 ಇದ್ದ ಮಾತ್ರಕ್ಕೆ ಮೇಲೆ ಹೇಳಿದ ಇಡೀ ಚಿಕಿತ್ಸೆಯನ್ನು ಹೂಡುವ ಅಗತ್ಯವಿಲ್ಲ. ಮಜ್ಜೆಯ ದಾಸ್ತಾನು ಅಲ್ಲಿ ಬರಿದಾಗಿರುವುದಿಲ್ಲ, ಕರುಳಿನ ಒಳಪದರವೂ ಕೀಮೋಥೆರಪಿಯಿಂದ ಸವೆದಂತೆ ಸವೆದಿರುವುದಿಲ್ಲ. ಒಂದೇ ಸಂಖ್ಯೆ ಬೇರೆ ಬೇರೆ ಕಾರಣಗಳಲ್ಲಿ ಬೇರೆ ಬೇರೆ ಅಪಾಯವನ್ನು ಹೇಳುತ್ತದೆಂಬುದು ನಿಜ. ಆದರೆ 500ಕ್ಕಿಂತ ಕೆಳಗಿಳಿದ, ಕಾರಣ ಇನ್ನೂ ಗೊತ್ತಾಗದ ಜ್ವರದಲ್ಲಿ ಈ ವಿನಾಯಿತಿಯನ್ನು ಬಳಸಿಕೊಳ್ಳಬಾರದು.

ಜ್ವರ ಇಳಿಯದಿದ್ದರೆ

ಎರಡನೆಯ ದಿನವೂ ಜ್ವರ ಉಳಿದಿದೆಯೆಂದು ಆ್ಯಂಟಿಬಯೋಟಿಕ್ ಬದಲಿಸುವ ಒತ್ತಡ ಮನೆಯವರಿಂದಲೂ ಬರುತ್ತದೆ, ವೈದ್ಯರ ಒಳಗಿನಿಂದಲೂ ಬರುತ್ತದೆ. ರಕ್ತದೊತ್ತಡ, ಉಸಿರಾಟ, ಪ್ರಜ್ಞೆ ಸರಿಯಿದ್ದು ಕಲ್ಚರ್‌ನಲ್ಲಿ ಹೊಸದೇನೂ ಸಿಗದಿದ್ದರೆ ಬದಲಿಸದೆ ನೋಡುವುದೇ ಸರಿ. ಲ್ಯುಕೇಮಿಯಾ ರೋಗಿಗಳಲ್ಲಿ ಸರಿಯಾದ ಔಷಧಿ ಕೊಟ್ಟರೂ ಜ್ವರ ಇಳಿಯಲು ಐದು ದಿನಗಳಾಗುವುದು ಸಾಮಾನ್ಯ. ದಿನವೂ ಬಾಯಿ, ಚರ್ಮದ ಮಡಿಕೆಗಳು, ಸೂಜಿ ಚುಚ್ಚಿದ ಜಾಗ, ಗುದದ ಸುತ್ತಲಿನ ಚರ್ಮವನ್ನು ಹೊರಗಿನಿಂದ ನೋಡಬೇಕು. ಚರ್ಮದ ಮೇಲೆ ನಡುವೆ ಕಪ್ಪಾದ ಹುಣ್ಣು ಎದ್ದರೆ ಸ್ಯೂಡೊಮೊನಾಸ್ ನೆನಪಾಗಬೇಕು. ಹೊಟ್ಟೆಯ ಬಲ ಕೆಳಭಾಗದಲ್ಲಿ ನೋವು ಕಾಣಿಸಿದರೆ ಅಪೆಂಡಿಸೈಟಿಸ್ ಜೊತೆಗೆ ದೊಡ್ಡ ಕರುಳಿನ ಆರಂಭದ ಭಾಗ ಊದಿಕೊಳ್ಳುವ ಟಿಫ್ಲೈಟಿಸ್ ಎಂಬ ಸ್ಥಿತಿಯನ್ನು ಸಿಟಿ ಸ್ಕ್ಯಾನ್‌ನಲ್ಲಿ ಹುಡುಕಬೇಕು. ನಾಲ್ಕರಿಂದ ಏಳು ದಿನ ಕಳೆದರೂ ಜ್ವರ ಹೋಗದೆ, ಕೊರತೆ ಇನ್ನೂ ದೀರ್ಘವಾಗುವಂತಿದ್ದರೆ ಶಿಲೀಂಧ್ರದ ಸೋಂಕಿನ ಸರದಿ: ಎದೆಯ ಸಿಟಿ ಸ್ಕ್ಯಾನ್ ಮಾಡಿ ಶಿಲೀಂಧ್ರನಾಶಕ ಸೇರಿಸುತ್ತಾರೆ.

ಇನ್ನೊಂದು ತುದಿಯಲ್ಲಿ, ಎಲ್ಲ ರೋಗಿಗಳೂ ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕಿಲ್ಲ. ಅಪಾಯ ಕಡಿಮೆಯಿದ್ದಷ್ಟೂ ಹೆಚ್ಚು ಅಂಕ ಕೊಡುವ ಮಾಸ್ಕ್ ಎಂಬ ಅಂಕಪಟ್ಟಿಯಲ್ಲಿ 26ಕ್ಕೆ 21 ಅಥವಾ ಹೆಚ್ಚು ಅಂಕ ಪಡೆದ, ಕೊರತೆ ಒಂದು ವಾರದೊಳಗೆ ಮುಗಿಯುವ ನಿರೀಕ್ಷೆಯಿರುವ, ಬಾಯಿಂದ ಔಷಧಿ ನುಂಗಬಲ್ಲ ರೋಗಿಗಳನ್ನು ಮೊದಲ ಡೋಸ್ ಕೊಟ್ಟು, ಕೆಲವು ಗಂಟೆ ಗಮನಿಸಿ, ಮಾತ್ರೆಗಳೊಂದಿಗೆ ಮನೆಗೆ ಕಳುಹಿಸಬಹುದು. ಆದರೆ ಅವರ ಮನೆ ಆಸ್ಪತ್ರೆಯಿಂದ ಒಂದು ಗಂಟೆಯ ಹಾದಿಯೊಳಗಿರಬೇಕು, ಜೊತೆಗೆ ಯಾರಾದರೂ ಸದಾ ಇರಬೇಕು. ಅಪಾಯ ಕಡಿಮೆ ಎಂಬ ತೀರ್ಮಾನ ಮೊದಲ ಡೋಸ್‌ನ ನಂತರ ಬರಬೇಕಾದದ್ದು, ಅದಕ್ಕೆ ಮುಂಚೆ ಅಲ್ಲ.

ಜ್ವರವಿಲ್ಲದೆ ಉಳಿದ ಕೊರತೆ

ಕವಲಿನ ಈ ಕಡೆಯಲ್ಲಿ ಅವಸರವಿಲ್ಲ. ಸೌಮ್ಯ ಕೊರತೆಯಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಎಣಿಕೆಯನ್ನು ಮತ್ತೆ ನೋಡಿದರೆ ವೈರಸ್‌ನಿಂದಾದದ್ದು ಬಹುಪಾಲು ಸರಿಹೋಗಿರುತ್ತದೆ. ಹಳೆಯ ವರದಿಗಳನ್ನು ಹುಡುಕಿ ತೆಗೆಯುವುದು ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ: ಹತ್ತು ವರ್ಷಗಳಿಂದ 1,200ರ ಸುತ್ತಲೇ ಇದ್ದು ಒಮ್ಮೆಯೂ ಗಂಭೀರ ಸೋಂಕಾಗದವರಿಗೆ ಆ ಸಂಖ್ಯೆ ಅವರ ಸಹಜ ಸಂಖ್ಯೆಯೇ ಆಗಿರಬಹುದು. ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾ ಮೂಲದ ಹಲವು ಜನರಲ್ಲಿ ಕೆಂಪು ಕಣಗಳ ಮೇಲೆ ಡಫ್ಫಿ ಎಂಬ ಪ್ರೋಟೀನ್ ಇಲ್ಲದ ಕಾರಣಕ್ಕೆ ಹೀಗಿರುತ್ತದೆ, ಅವರಿಗೆ ಚಿಕಿತ್ಸೆ ಬೇಕಿಲ್ಲ. ಆದರೆ ಬಾಯಿಹುಣ್ಣು ಮತ್ತು ಜ್ವರ ಸುಮಾರು ಮೂರು ವಾರಕ್ಕೊಮ್ಮೆ ಲೆಕ್ಕ ಹಾಕಿದಂತೆ ಮರಳುತ್ತಿದ್ದರೆ, ಒಂದೇ ಎಣಿಕೆಯನ್ನು ನಂಬಿ ಕೂರಬಾರದು. ವಾರಕ್ಕೆ ಎರಡು ಅಥವಾ ಮೂರು ಸಲದಂತೆ ಆರು ವಾರ ಎಣಿಕೆ ತೆಗೆದು ನಕ್ಷೆ ಬರೆದರೆ 21 ದಿನಕ್ಕೊಮ್ಮೆ ತಳ ಮುಟ್ಟುವ ಆವರ್ತಕ ನ್ಯೂಟ್ರೊಪೀನಿಯಾ ಕಣ್ಣಿಗೆ ಕಾಣುತ್ತದೆ. ಅಂಥವರಲ್ಲಿ ಎಲೇನ್ ಎಂಬ ಜೀನ್‌ನ ಪರೀಕ್ಷೆ ಮಾಡಿಸುತ್ತಾರೆ, ಮತ್ತು ತಳ ಮುಟ್ಟಿದ ದಿನಗಳಲ್ಲಿ ಬರುವ ಜ್ವರಕ್ಕೆ ಮೇಲೆ ಹೇಳಿದ ಒಂದು ಗಂಟೆಯ ನಿಯಮವೇ ಅನ್ವಯಿಸುತ್ತದೆ.